ಕರುವಿಗೆ ಭೇದಿಯಾದಾಗ ಓಆರ್‌ಎಸ್ ಮತ್ತು ಹಾಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಮಳೆ ಹಿಡಿಯಿತು ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆ ಒಣಗುವುದೇ ಕಷ್ಟ. ಕರುಗಳಿಗೆ ಭೇದಿ ಜಾಸ್ತಿಯಾಗುವುದೂ ಆಗಲೇ. ಡೇರಿಗೆ ಹಾಲು ಹಾಕಲು ಬಂದವರು, ರಾತ್ರಿ ಫೋನ್ ಮಾಡಿದವರು, ಕಾಗದ ಬರೆದವರು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಹಾಕಿದ್ದೇನೆ. ಉತ್ತರಗಳೆಲ್ಲ ಹುಟ್ಟಿ ಒಂದು ತಿಂಗಳೊಳಗಿನ, ಇನ್ನೂ ಹಾಲನ್ನೇ ನಂಬಿಕೊಂಡಿರುವ ಕರುಗಳಿಗೆ.

## ಮೊದಲು ತಿಳಿಯಬೇಕಾದದ್ದು

"ಬೆಳಿಗ್ಗೆಯಿಂದ ಕರು ನೀರು ನೀರಾಗಿ ಉಚ್ಚಿಕೊಳ್ತಿದೆ. ಮೊದಲು ಏನು ಮಾಡಲಿ?"

ಸೆಗಣಿಯನ್ನು ಆಮೇಲೆ ನೋಡಿ, ಮೊದಲು ಕರುವನ್ನು ನೋಡಿ. ಕೈ ತೊಳೆದು ಅದರ ಬಾಯಿಗೆ ಬೆರಳು ಕೊಡಿ. ಜೋರಾಗಿ ಚೀಪಿದರೆ ಒಳ್ಳೆಯ ಲಕ್ಷಣ. ಬಾಯಿ ಒಳಗೆ ಬೆಚ್ಚಗಿದೆಯಾ ಎಂದೂ ಅದೇ ಹೊತ್ತಿಗೆ ಗೊತ್ತಾಗುತ್ತದೆ. ಆಮೇಲೆ ಕಣ್ಣು ನೋಡಿ. ಕಣ್ಣುಗುಡ್ಡೆಗೂ ರೆಪ್ಪೆಗೂ ನಡುವೆ ಸಂದು ಬಿದ್ದಿದ್ದರೆ ಮೈಯಲ್ಲಿ ನೀರು ಕಮ್ಮಿಯಾಗಿದೆ. ಕೊನೆಗೆ ಕುತ್ತಿಗೆಯ ಪಕ್ಕದ ಚರ್ಮವನ್ನು ಎಳೆದು ಬಿಡಿ. ಎರಡು ಸೆಕೆಂಡಿನೊಳಗೆ ಸಮವಾದರೆ ಸರಿ. ಐದು ಸೆಕೆಂಡ್ ದಾಟಿದರೂ ಮಡಿಕೆ ಹಾಗೇ ನಿಂತಿದ್ದರೆ ತೊಂದರೆ ದೊಡ್ಡದು.

ಚೀಪುತ್ತಿದೆ, ನಿಂತಿದೆ, ಕಣ್ಣು ಸ್ವಲ್ಪ ಮಾತ್ರ ಒಳಗೆ ಹೋಗಿದೆ ಎಂದಾದರೆ ಮನೆಯಲ್ಲೇ ಓಆರ್‌ಎಸ್ ಶುರು ಮಾಡಬಹುದು. ಅದನ್ನು ಆಗಲೇ ಶುರು ಮಾಡಿ, ಸಂಜೆ ನೋಡೋಣ ಎಂದು ಬಿಡಬೇಡಿ. ಚೀಪುತ್ತಿಲ್ಲ, ಎದ್ದು ನಿಲ್ಲುತ್ತಿಲ್ಲ, ಬಾಯಿ ಕಿವಿ ತಣ್ಣಗಿದೆ ಎಂದಾದರೆ ಅದಕ್ಕೆ ರಕ್ತನಾಳದ ಮೂಲಕ ದ್ರವ ಹೋಗಬೇಕು. ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

"ಹಾಲು ಜಾಸ್ತಿ ಕುಡಿದು ಭೇದಿ ಆಗಿದೆ ಅಂತಾರೆ. ನಿಜವಾ?"

ಒಮ್ಮೆಲೇ ತುಂಬಾ ಕುಡಿದರೆ, ಅಥವಾ ಒಂದು ದಿನ ತಣ್ಣನೆ ಹಾಲು ಇನ್ನೊಂದು ದಿನ ಬಿಸಿ ಹಾಲು ಕೊಟ್ಟರೆ ಸೆಗಣಿ ಸ್ವಲ್ಪ ಸಡಿಲವಾಗುವುದುಂಟು. ಅಂಥ ಕರು ಚುರುಕಾಗಿಯೇ ಇರುತ್ತದೆ. ಕರುವನ್ನು ಮಲಗಿಸುವ ಭೇದಿ ಬರುವುದು ಹೆಚ್ಚಾಗಿ ಸೋಂಕಿನಿಂದ. ಹುಟ್ಟಿದ ಮೊದಲ ನಾಲ್ಕೈದು ದಿನದಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಕಾರಣವಾಗಬಹುದು. ಐದನೇ ದಿನದಿಂದ ಮೂರು ವಾರದವರೆಗೆ ರೋಟಾ ಮತ್ತು ಕೊರೊನಾ ಜಾತಿಯ ವೈರಸ್‌ಗಳು, ಕ್ರಿಪ್ಟೋಸ್ಪೊರಿಡಿಯಂ ಎಂಬ ಸೂಕ್ಷ್ಮ ಪರೋಪಜೀವಿ ಮುಖ್ಯ. ಈ ಕೊರೊನಾ ದನಗಳದ್ದೇ ಬೇರೆ ಜಾತಿ, ಮನುಷ್ಯರ ಕೋವಿಡ್ ಅಲ್ಲ.

ಬಿಳಿ ಭೇದಿ ಕಂಡ ಕೂಡಲೇ "ಹಾಲು ಜೀರ್ಣವಾಗದೆ ಹಾಗೇ ಬರ್ತಿದೆ, ನಿಲ್ಲಿಸಿ" ಎನ್ನುವ ಮಾತು ಬರುತ್ತದೆ. ಬಣ್ಣ ನೋಡಿ ಕಾರಣ ಹೇಳಲು ಆಗುವುದಿಲ್ಲ.

"ಭೇದಿಗೆ ಕರು ಸಾಯೋದು ಯಾಕೆ? ಓಆರ್‌ಎಸ್ ಏನು ಮಾಡುತ್ತೆ?"

ಹೆಚ್ಚಿನ ಕರುಗಳು ಸಾಯುವುದು ರೋಗಾಣುವಿನ ನೇರ ಹೊಡೆತಕ್ಕಲ್ಲ. ನೀರು, ಉಪ್ಪು ಮತ್ತು ರಕ್ತದಲ್ಲಿರಬೇಕಾದ ಕ್ಷಾರ ಸೆಗಣಿಯ ಜೊತೆ ಹೊರಟುಹೋಗುತ್ತವೆ. ಮೈ ನೀರು ಆರುತ್ತದೆ, ರಕ್ತ ಆಮ್ಲದ ಕಡೆ ವಾಲುತ್ತದೆ. ಜೊತೆಗೆ ಹೊಟ್ಟೆಗೆ ಏನೂ ಇಲ್ಲದಿದ್ದರೆ ಶಕ್ತಿ ಮುಗಿದು ಮೈ ತಣ್ಣಗಾಗುತ್ತದೆ.

ಬರೀ ನೀರು ಕುಡಿಸಿದರೆ ಕೆಟ್ಟ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ಆದರೆ ಭೇದಿ ಇದ್ದಾಗಲೂ ಕರುಳಿನಲ್ಲಿ ಒಂದು ದಾರಿ ತೆರೆದಿರುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಅವೆರಡೂ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಓಆರ್‌ಎಸ್ ನಿಂತಿರುವುದು ಇದರ ಮೇಲೆ. ಕರುವಿನ ಓಆರ್‌ಎಸ್‌ನಲ್ಲಿ ಇದರ ಜೊತೆ ಕ್ಷಾರವೂ ಇರಬೇಕು. ಅದು ರಕ್ತದ ಆಮ್ಲವನ್ನು ತಗ್ಗಿಸುತ್ತದೆ. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವ ಔಷಧಿಯಲ್ಲ. ಭೇದಿ ತಾನಾಗಿ ನಿಲ್ಲುವವರೆಗೆ ಕರುವನ್ನು ಉಳಿಸಿಕೊಳ್ಳುವ ದ್ರವ.

## ಓಆರ್‌ಎಸ್ ಮಾಡುವುದು, ಕುಡಿಸುವುದು

"ಮೆಡಿಕಲ್‌ನಲ್ಲಿ ಸಿಗೋ ಮನುಷ್ಯರ ಓಆರ್‌ಎಸ್ ಪ್ಯಾಕೆಟ್ ಕರುವಿಗೆ ಆಗುತ್ತಾ?"

ಕರುಗಳಿಗೆಂದೇ ಮಾಡಿದ ಪುಡಿ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಮನುಷ್ಯರ ಪ್ಯಾಕೆಟ್ ಖಂಡಿತ ಬಳಸಿ. ಅದರಲ್ಲಿ ಕರುವಿನ ಮಟ್ಟಿಗೆ ಒಂದು ಕೊರತೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ ಒಟ್ಟು 20.5 ಗ್ರಾಂ ಪುಡಿ. ಅದರಲ್ಲಿ ಸೋಡಿಯಂ ಮತ್ತು ಕ್ಷಾರ ಎರಡೂ ಕರುವಿಗೆ ಬೇಕಾದದ್ದಕ್ಕಿಂತ ಕಮ್ಮಿ. ಒಂದು ಲೀಟರ್ ಓಆರ್‌ಎಸ್‌ಗೆ ಮಟ್ಟ ಮಾಡಿದ ಅರ್ಧ ಟೀ ಚಮಚ ಅಡುಗೆ ಸೋಡಾ ಸೇರಿಸಿದರೆ ಈ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಕರುವಿನ ಪುಡಿಯಲ್ಲಿ ಕ್ಷಾರ ಮೊದಲೇ ಇರುತ್ತದೆ. ಅದಕ್ಕೆ ಸೋಡಾ ಹಾಕಬೇಡಿ.

ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಎಂದು ಓದಿ. ಒಂದು ಲೀಟರಿನದೂ ಇದೆ, 200 ಮಿಲಿಯದೂ ಇದೆ. ದೊಡ್ಡ ಪ್ಯಾಕೆಟನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ವಿಪರೀತವಾಗಿ ಭೇದಿ ಹೆಚ್ಚುತ್ತದೆ, ಕರುವಿಗೆ ವಿಷವೂ ಆಗಬಹುದು. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಇದರ ಬದಲಿಗೆ ಆಗುವುದಿಲ್ಲ.

"ರಾತ್ರಿ ಆಗಿದೆ, ಪ್ಯಾಕೆಟ್ ಇಲ್ಲ. ಮಕ್ಕಳಿಗೆ ಮಾಡೋ ಹಾಗೆ ಸಕ್ಕರೆ, ಉಪ್ಪು ಕಲಸಿ ಕೊಡ್ಲಾ?"

ಸಕ್ಕರೆ ಬೇಡ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡಿ ಕೆಡಿಸಿಕೊಳ್ಳುವುದು ಇಲ್ಲೇ. ಮನುಷ್ಯರ ಕರುಳು ಸಕ್ಕರೆಯನ್ನು ಒಡೆದು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಕರುವಿನ ಕರುಳಿನಲ್ಲಿ ಸಕ್ಕರೆ ಒಡೆಯುವ ಕಿಣ್ವವೇ ಇಲ್ಲ. ಕುಡಿಸಿದ ಸಕ್ಕರೆ ಒಡೆಯದೆ ಹಾಗೇ ಉಳಿದು, ಮೈಯ ನೀರನ್ನು ಕರುಳಿಗೆ ಎಳೆದುಕೊಂಡು ಭೇದಿಯನ್ನು ಹೆಚ್ಚಿಸುತ್ತದೆ. ಬೆಲ್ಲವೂ ಅಷ್ಟೇ. ನಮ್ಮ ಕಡೆ ಜೇನು ಕೈಗೆ ಸಿಗುತ್ತದೆ, ಆದರೆ ಅದರಲ್ಲಿ ನೂರಕ್ಕೆ ಸುಮಾರು ನಲವತ್ತರಷ್ಟು ಫ್ರಕ್ಟೋಸ್ ಎಂಬ ಸಕ್ಕರೆ. ಅದನ್ನೂ ಕರು ಸರಿಯಾಗಿ ಹೀರುವುದಿಲ್ಲ.

ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿ ಮನೆಯಲ್ಲಿದ್ದರೆ ಕೆಲಸ ಆಗುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಗ್ಲೂಕೋಸ್ ಪುಡಿ 20 ಗ್ರಾಂ, ಅಂದರೆ ಮಟ್ಟ ಮಾಡಿದ ಎರಡು ದೊಡ್ಡ ಚಮಚ. ಉಪ್ಪು ಮಟ್ಟ ಮಾಡಿದ ಅರ್ಧ ಟೀ ಚಮಚ, ಸುಮಾರು 3 ಗ್ರಾಂ. ಅಡುಗೆ ಸೋಡಾ ಮಟ್ಟ ಮಾಡಿದ ಒಂದು ಟೀ ಚಮಚ, 4ರಿಂದ 5 ಗ್ರಾಂ. ಬೇಕಿಂಗ್ ಪೌಡರ್ ಬೇರೆ, ಬಟ್ಟೆ ಸೋಡಾ ಬೇರೆ. ಅವೆರಡನ್ನೂ ಹಾಕಬೇಡಿ. ಪ್ಯಾಕೆಟ್‌ನಲ್ಲಿರುವ ಪೊಟ್ಯಾಸಿಯಂ ಇದರಲ್ಲಿ ಇಲ್ಲ. ಹಾಗಾಗಿ ಬೆಳಗಾಗುವ ತನಕ ಇದು, ಬೆಳಿಗ್ಗೆ ಪ್ಯಾಕೆಟ್ ತನ್ನಿ. ಹಸು ಗಬ್ಬದ ಕೊನೆಯ ತಿಂಗಳಿಗೆ ಬಂದಾಗಲೇ ನಾಲ್ಕೈದು ಪ್ಯಾಕೆಟ್ ತಂದಿಟ್ಟುಕೊಂಡರೆ ಈ ಪರದಾಟವೇ ಇರುವುದಿಲ್ಲ.

"ಅಕ್ಕಿ ಗಂಜಿ ಅಥವಾ ಎಳನೀರು?"

ಮೂರು ವಾರದೊಳಗಿನ ಕರುವಿಗೆ ಗಂಜಿಯ ಪಿಷ್ಟವನ್ನು ಜೀರ್ಣ ಮಾಡುವ ಶಕ್ತಿ ತೀರಾ ಕಮ್ಮಿ. ಅದು ಹೊಟ್ಟೆಯಲ್ಲಿ ಹುಳಿಯಾಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಆದರೆ ಕರು ಕಳೆದುಕೊಂಡಿರುವ ಸೋಡಿಯಂ ಬಹಳ ಸ್ವಲ್ಪ. ಎರಡೂ ಓಆರ್‌ಎಸ್‌ನ ಜಾಗಕ್ಕೆ ಬರುವುದಿಲ್ಲ.

"ಕುಡಿಯೋದೇ ಇಲ್ಲ ಅಂತ ಹಠ ಮಾಡುತ್ತೆ. ಗೊಟ್ಟದಲ್ಲಿ ಹಾಕಿಬಿಡಲಾ?"

ಹಠ ಮಾಡುವ ಕರುವಿಗೂ ಶಕ್ತಿಯಿಲ್ಲದ ಕರುವಿಗೂ ವ್ಯತ್ಯಾಸ ಇದೆ. ಬೆರಳು ಚೀಪುವ ಕರು ನಿಪ್ಪಲ್ ಬಾಟಲಿಯಲ್ಲಿ ಕುಡಿಯುತ್ತದೆ, ಐದು ಹತ್ತು ನಿಮಿಷ ತಾಳ್ಮೆ ಬೇಕು ಅಷ್ಟೇ. ದ್ರವ ಕರುವಿನ ಮೈಯಷ್ಟೇ ಬೆಚ್ಚಗಿರಲಿ. ತಲೆಯನ್ನು ಹಸುವಿನ ಕೆಚ್ಚಲ ಕೆಳಗೆ ಹಿಡಿಯುವಷ್ಟೇ ಎತ್ತಿ.

ಚೀಪದ ಕರುವಿಗೆ ಗೊಟ್ಟ ಹಾಕಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಆಗ ಭೇದಿಯ ಜೊತೆ ನ್ಯುಮೋನಿಯಾ. ಹೊಟ್ಟೆಗೆ ನಳಿಕೆ ಇಳಿಸಿ ಓಆರ್‌ಎಸ್ ಕೊಡುವ ಕ್ರಮ ಇದೆ. ಅದನ್ನು ಪಶುವೈದ್ಯರು ಅಥವಾ ಅವರಿಂದ ಕಲಿತವರು ಮಾಡಲಿ. ನಳಿಕೆಯಲ್ಲಿ ಓಆರ್‌ಎಸ್ ಮಾತ್ರ, ಹಾಲು ಬೇಡ. ಚೀಪಿ ಕುಡಿದ ಹಾಲು ನೇರವಾಗಿ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ನಳಿಕೆಯಲ್ಲಿ ಹಾಕಿದ ಹಾಲು ಮೊದಲ ಹೊಟ್ಟೆಗೆ ಬಿದ್ದು ಅಲ್ಲೇ ಹುಳಿಯುತ್ತದೆ.

## ಹಾಲಿನ ವಿಷಯ

"ಭೇದಿ ನಿಲ್ಲೋವರೆಗೂ ಹಾಲು ನಿಲ್ಲಿಸಬೇಕು ಅಂತ ನಮ್ಮ ಅಜ್ಜಿ ಕಾಲದಿಂದ ಮಾಡ್ತಾ ಬಂದಿದ್ದೇವೆ. ಈಗ ನಿಲ್ಲಿಸಬೇಡಿ ಅಂತಾರೆ. ಯಾವುದು ಸರಿ?"

ನಿಲ್ಲಿಸಬೇಡಿ. ಹಿಂದೆ ವೈದ್ಯರೂ ಒಂದೆರಡು ದಿನ ಹಾಲು ಬಿಡಿಸಲು ಹೇಳುತ್ತಿದ್ದರು, ಅಜ್ಜಿಯದು ತಪ್ಪೇನಲ್ಲ. ಆಮೇಲೆ ಹಾಲು ಮುಂದುವರಿಸಿದ ಕರುಗಳನ್ನೂ ನಿಲ್ಲಿಸಿದ ಕರುಗಳನ್ನೂ ಹೋಲಿಸಿ ನೋಡಿದರು. ಹಾಲು ಕುಡಿದವುಗಳ ಭೇದಿ ಹೆಚ್ಚು ದಿನ ಎಳೆಯಲಿಲ್ಲ, ತೂಕ ಮಾತ್ರ ಉಳಿಯಿತು.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. 25 ಕೆಜಿ ಕರು ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 1100 ಕಿಲೋಕ್ಯಾಲರಿ ಶಕ್ತಿ ಬೇಕು. ಮಳೆಗಾಲದ ಚಳಿಯಲ್ಲಿ ಇನ್ನೂ ಜಾಸ್ತಿ. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಇರುವುದು 80ರ ಹತ್ತಿರ. ಮೂರು ಲೀಟರ್ ಕುಡಿಸಿದರೂ 240. ಒಂದು ಲೀಟರ್ ಹಾಲಿನಲ್ಲಿ 600ಕ್ಕೂ ಮಿಕ್ಕಿ ಇದೆ. ಬರೀ ಓಆರ್‌ಎಸ್ ಮೇಲೆ ಎರಡು ದಿನ ಇಟ್ಟ ಕರುವಿನ ಕಣ್ಣು ಸರಿಹೋಗಬಹುದು, ಮೈ ಕರಗುತ್ತಿರುತ್ತದೆ. ಹುಟ್ಟಿದ ಕರುವಿನ ಮೈಯಲ್ಲಿ ಕೊಬ್ಬಿನ ಸಂಗ್ರಹ ಬಹಳ ಸ್ವಲ್ಪ.

ಇನ್ನೊಂದು ವಿಷಯ. ಕೆಟ್ಟ ಕರುಳಿನ ಒಳಪದರ ಮತ್ತೆ ಬೆಳೆಯಬೇಕಾದರೆ ಅದಕ್ಕೂ ಆಹಾರ ಬೇಕು. ಆ ಪದರ ತನಗೆ ಬೇಕಾದದ್ದರಲ್ಲಿ ಸಾಕಷ್ಟನ್ನು ಕರುಳಿನೊಳಗೆ ಹರಿಯುವ ಹಾಲಿನಿಂದಲೇ ತೆಗೆದುಕೊಳ್ಳುತ್ತದೆ.

"ಹಾಗಾದರೆ ಹಾಲಿಗೆ ಅರ್ಧ ನೀರು ಬೆರೆಸಿ ಕೊಡ್ತೇನೆ. ಇಲ್ಲಾ ಓಆರ್‌ಎಸ್ ಪುಡಿಯನ್ನು ಹಾಲಿಗೇ ಹಾಕಿದರೆ ಒಂದೇ ಕೆಲಸ ಅಲ್ವಾ?"

ಎರಡೂ ಬೇಡ. ಹಾಲು ಕರುವಿನ ನಾಲ್ಕನೇ ಹೊಟ್ಟೆಯಲ್ಲಿ ಮೊಸರಿನ ಹಾಗೆ ಹೆಪ್ಪುಗಟ್ಟಿ, ನಿಧಾನವಾಗಿ ಕರಗಿ ಕರುಳಿಗೆ ಇಳಿಯುತ್ತದೆ. ನೀರು ಬೆರೆಸಿದ ಹಾಲು ಸರಿಯಾಗಿ ಹೆಪ್ಪಾಗುವುದಿಲ್ಲ, ಶಕ್ತಿಯೂ ಅರ್ಧ.

ಪುಡಿಯನ್ನು ಹಾಲಿಗೇ ಹಾಕುವುದು ಇನ್ನೂ ಅಪಾಯ. ಅದರಲ್ಲಿರುವ ಸೋಡಾ ಅಥವಾ ಸಿಟ್ರೇಟ್ ಹೆಪ್ಪಾಗುವುದಕ್ಕೆ ಅಡ್ಡ ಬರುತ್ತದೆ. ಹಾಲಿನಲ್ಲಿ ಮೊದಲೇ ಇರುವ ಉಪ್ಪು, ಸಕ್ಕರೆ ಅಂಶದ ಮೇಲೆ ಇನ್ನಷ್ಟು ಸೇರಿ ದ್ರವ ಬಹಳ ಗಟ್ಟಿಯಾಗುತ್ತದೆ. ಹೊಟ್ಟೆ ಉಬ್ಬರಿಸಬಹುದು. ಹಾಲಿಗೂ ಓಆರ್‌ಎಸ್‌ಗೂ ನಡುವೆ ಎರಡರಿಂದ ಮೂರು ಗಂಟೆ ಬಿಡಿ. ಶುದ್ಧ ನೀರು ಮಾತ್ರ ಯಾವಾಗಲೂ ಒಂದು ಪಾತ್ರೆಯಲ್ಲಿ ಹತ್ತಿರ ಇರಲಿ.

"ನಮ್ಮದು ಊರ ದನ. ಕರು ತಾಯಿ ಹತ್ರಾನೇ ಕುಡಿಯೋದು. ಅಳತೆ ಹೇಗೆ ಮಾಡೋದು?"

ಅಳೆಯಬೇಕಾಗಿಲ್ಲ. ದಿನಕ್ಕೆ ಎರಡು ಸಲ ಬಿಡುವ ಬದಲು ನಾಲ್ಕು ಸಲ ಸ್ವಲ್ಪ ಸ್ವಲ್ಪ ಹೊತ್ತು ಬಿಡಿ. ಕರುವಿಗೆ ಭೇದಿ ಇರುವಷ್ಟು ದಿನ ಒಂದು ಮೊಲೆಯ ಹಾಲನ್ನು ಪೂರ್ತಿ ಅದಕ್ಕೇ ಬಿಟ್ಟರೆ ಒಳ್ಳೆಯದು. ಡೇರಿಗೆ ಹಾಕುವ ಹಾಲಿನಲ್ಲಿ ಒಂದೂವರೆ ಲೀಟರ್ ಕಮ್ಮಿಯಾಗಬಹುದು, ಹೆಣ್ಣು ಕರು ಉಳಿದರೆ ಅದು ನಷ್ಟವಲ್ಲ. ನಡುವೆ ಕಟ್ಟಿರುವ ಹೊತ್ತಿನಲ್ಲಿ ಓಆರ್‌ಎಸ್ ಕುಡಿಸಿ.

"ಒಂದು ಕರುವಿನ ಲೆಕ್ಕ ಇಟ್ಟು, ಯಾವ ಹೊತ್ತಿಗೆ ಏನು ಅಂತ ಹೇಳಿ."

ಸೋಮವಾರಪೇಟೆ ಕಡೆಯ ಒಂದು ಜರ್ಸಿ ಮಿಶ್ರತಳಿ ಹೆಣ್ಣು ಕರುವನ್ನು ತೆಗೆದುಕೊಳ್ಳೋಣ. ಹುಟ್ಟಿ ಹತ್ತು ದಿನ, ಜುಲೈ ತಿಂಗಳು, ಹಳದಿ ನೀರಿನಂಥ ಭೇದಿ. ಮನೆಯವರು ಕರುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ತಮ್ಮ ತೂಕ ಕಳೆದರು. 25 ಕೆಜಿ. ನಿಂತಿದೆ, ಬೆರಳು ಚೀಪುತ್ತದೆ, ಆದರೆ ಜೋರಿಲ್ಲ. ಕಣ್ಣಿನ ಹತ್ತಿರ ಸಣ್ಣ ಸಂದು. ಚರ್ಮ ಸಮವಾಗಲು ಮೂರು ಸೆಕೆಂಡ್. ಜ್ವರ ಇಲ್ಲ.

ಈ ಲಕ್ಷಣಕ್ಕೆ ತೂಕದ ನೂರಕ್ಕೆ ಆರರಷ್ಟು ನೀರು ಹೋಗಿದೆ ಎಂದು ಹಿಡಿಯುತ್ತಾರೆ. 25 ಕೆಜಿಗೆ ಅದು ಒಂದೂವರೆ ಲೀಟರ್. ಇವತ್ತು ಇನ್ನೂ ಭೇದಿಯಲ್ಲಿ ಹೋಗುವುದಕ್ಕೆ ಮತ್ತೆ ಒಂದೂವರೆ ಲೀಟರ್ ಇಡಿ. ಒಟ್ಟು ಓಆರ್‌ಎಸ್ ಮೂರು ಲೀಟರ್. ಹಾಲು ತೂಕದ ಹತ್ತನೇ ಒಂದು ಭಾಗ, ಎರಡೂವರೆ ಲೀಟರ್. ಇದು ಓಆರ್‌ಎಸ್‌ನ ಲೆಕ್ಕದಲ್ಲಿ ಸೇರುವುದಿಲ್ಲ, ಬೇರೆ.

ಬೆಳಿಗ್ಗೆ 6ಕ್ಕೆ ಹಾಲು ಮುಕ್ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ. 9ಕ್ಕೆ ಓಆರ್‌ಎಸ್ ಒಂದು ಲೀಟರ್. ಮಧ್ಯಾಹ್ನ 12ಕ್ಕೆ ಅಷ್ಟೇ ಹಾಲು. 3ಕ್ಕೆ ಓಆರ್‌ಎಸ್. ಸಂಜೆ 6ಕ್ಕೆ ಹಾಲು. ಮಲಗುವ ಮುಂಚೆ, 9ಕ್ಕೆ ಕೊನೆಯ ಓಆರ್‌ಎಸ್. ಒಂದೇ ಸಲಕ್ಕೆ ಲೀಟರ್ ಮುಗಿಸದಿದ್ದರೆ ಅರ್ಧ ಗಂಟೆ ಬಿಟ್ಟು ಉಳಿದದ್ದು. ಉಳಿದ ಓಆರ್‌ಎಸ್ ಅನ್ನು ಮರುದಿನಕ್ಕೆ ಇಡಬೇಡಿ.

ಮರುದಿನ ಬೆಳಿಗ್ಗೆ ಭೇದಿ ಹಾಗೇ ಇತ್ತು. ಆದರೆ ಕರು ಬಾಟಲಿಯನ್ನು ಎಳೆದು ಕುಡಿಯಿತು, ಮೂತ್ರ ಹಾಕಿತು, ಕಣ್ಣಿನ ಸಂದು ಮುಚ್ಚಿತ್ತು. ಇದು ಸುಧಾರಣೆಯೇ. ಎರಡನೇ ದಿನ ಓಆರ್‌ಎಸ್ ಎರಡು ಲೀಟರಿಗೆ ಇಳಿಸಿ, ಹಾಲು ಹಾಗೇ ಮುಂದುವರಿಸಿದರು. ನಾಲ್ಕನೇ ದಿನ ಸೆಗಣಿ ಗಟ್ಟಿಯಾಗತೊಡಗಿತು, ಓಆರ್‌ಎಸ್ ನಿಲ್ಲಿಸಿದರು.

"ಹಾಲು ಕೊಟ್ಟ ಮೇಲೆ ಭೇದಿ ಜಾಸ್ತಿ ಆಯ್ತು. ಈಗಲೂ ಕೊಡಬೇಕಾ?"

ಹೊಟ್ಟೆಗೆ ಹೋಗುವುದು ಹೆಚ್ಚಾದರೆ ಹಿಂದೆ ಬರುವುದೂ ಸ್ವಲ್ಪ ಹೆಚ್ಚು ಕಾಣುತ್ತದೆ. ವೈರಸ್‌ನಿಂದ ಕರುಳಿನ ಒಳಪದರ ಸವೆದಿದ್ದರೆ ಹಾಲಿನ ಲ್ಯಾಕ್ಟೋಸ್ ಕೆಲವು ದಿನ ಪೂರ್ತಿ ಜೀರ್ಣವಾಗುವುದಿಲ್ಲ. ಅದಕ್ಕೇ ಒಂದು ಸಲದ ಅಳತೆ ಕಮ್ಮಿ ಮಾಡಿ, ಸಲಗಳನ್ನು ಹೆಚ್ಚು ಮಾಡುವುದು. ಚೀಪುವ ಜೋರು, ಕಣ್ಣು, ಮೂತ್ರ ಸರಿಯಿದ್ದರೆ ಹೆದರದೆ ಮುಂದುವರಿಸಿ.

## ಕಷ್ಟದ ಸಂದರ್ಭಗಳು

"ಹಾಲು ಕೊಡಲೇಬಾರದು ಅನ್ನೋ ಸಂದರ್ಭ ಇದೆಯಾ?"

ಇದೆ. ಹೊಟ್ಟೆ ಉಬ್ಬರಿಸಿ ಬಡಿದರೆ ಡಬ್ ಡಬ್ ಎನ್ನುತ್ತಿದ್ದರೆ, ಅಥವಾ ಚೀಪುವ ಶಕ್ತಿಯೇ ಇಲ್ಲದಿದ್ದರೆ ಆ ಹೊತ್ತಿನ ಹಾಲು ಬಿಡಿ. ವೈದ್ಯರನ್ನು ಕರೆಸಿ. ಚೀಪಲು ಶುರು ಮಾಡಿದ ಕೂಡಲೇ ಮತ್ತೆ ಹಾಲು. ನನ್ನ ಪ್ರಕಾರ 12 ಗಂಟೆಗಿಂತ ಹೆಚ್ಚು ಹಾಲಿಲ್ಲದೆ ಇಡಲು ಬೇರೆ ಕಾರಣ ಇಲ್ಲ.

"ಕಣ್ಣು ಅಷ್ಟೇನೂ ಒಳಗೆ ಹೋಗಿಲ್ಲ. ಆದರೂ ಕುಡಿದವರ ಹಾಗೆ ತೂರಾಡುತ್ತೆ, ಮಲಗೇ ಇರುತ್ತೆ. ಇನ್ನೂ ಓಆರ್‌ಎಸ್ ಕೊಡ್ತಾ ಇರ್ಲಾ?"

ಇಲ್ಲಿ ಕಾಯಬೇಡಿ. ಒಂದು ವಾರ ದಾಟಿದ ಕರುಗಳಲ್ಲಿ ಇದು ಕಾಣುತ್ತದೆ. ಜೀರ್ಣವಾಗದ ಆಹಾರ ಕರುಳಿನಲ್ಲಿ ಹುಳಿತು, ಲ್ಯಾಕ್ಟಿಕ್ ಆಮ್ಲ ರಕ್ತಕ್ಕೆ ಸೇರಿರುತ್ತದೆ. ನೀರಿನ ಕೊರತೆ ಸ್ವಲ್ಪವೇ ಇದ್ದರೂ ಆಮ್ಲ ವಿಪರೀತ. ಬಾಯಿಯಿಂದ ಕೊಡುವ ಓಆರ್‌ಎಸ್‌ಗೆ ಇದನ್ನು ಬೇಗ ಸರಿಪಡಿಸಲು ಆಗುವುದಿಲ್ಲ. ವೈದ್ಯರು ರಕ್ತನಾಳಕ್ಕೆ ಬೈಕಾರ್ಬೊನೇಟ್ ಕೊಡಬೇಕಾಗುತ್ತದೆ. ಸರಿಯಾದ ಹೊತ್ತಿಗೆ ಕೊಟ್ಟರೆ ಮಲಗಿದ ಕರು ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುವುದೂ ಇದೆ. ಫೋನಿನಲ್ಲಿ "ತೂರಾಡುತ್ತಿದೆ" ಎಂಬ ಮಾತನ್ನು ಮರೆಯದೆ ಹೇಳಿ.

"ಭೇದಿ ನಿಲ್ಲೋ ಮಾತ್ರೆ, ಆಂಟಿಬಯಾಟಿಕ್ ಮನೆಯಲ್ಲೇ ಇದೆ. ಕೊಡಲಾ?"

ಕರುಳಿನ ಚಲನೆ ನಿಲ್ಲಿಸುವ ಮಾತ್ರೆ ಕೊಟ್ಟರೆ ರೋಗಾಣುವೂ ವಿಷವೂ ಒಳಗೇ ಉಳಿಯುತ್ತವೆ. ಬೇಡ. ಆಂಟಿಬಯಾಟಿಕ್ ವೈರಸ್‌ಗೂ ಕ್ರಿಪ್ಟೋಸ್ಪೊರಿಡಿಯಂಗೂ ಕೆಲಸ ಮಾಡುವುದಿಲ್ಲ. ಜ್ವರ 103 ಡಿಗ್ರಿ ದಾಟಿದರೆ, ಸೆಗಣಿಯಲ್ಲಿ ರಕ್ತ ಕಂಡರೆ, ಕರು ತೀರಾ ಮಂಕಾದರೆ ವೈದ್ಯರು ಬೇಕೆಂದರೆ ಕೊಡುತ್ತಾರೆ. 100ಕ್ಕಿಂತ ಕೆಳಗೆ ಇಳಿದರೂ ಅಷ್ಟೇ ಗಂಭೀರ. ಆಗ ಗೋಣಿಚೀಲ ಹೊದಿಸಿ ಬೆಚ್ಚಗೆ ಇಟ್ಟು, ಫೋನ್ ಮಾಡಿ.

"ಐದು ದಿನ ಆಯ್ತು, ಕರು ಕುಡಿಯುತ್ತೆ, ಓಡಾಡುತ್ತೆ, ಭೇದಿ ಮಾತ್ರ ನಿಂತಿಲ್ಲ."

ಕಾರಣ ಹುಡುಕುವ ಹೊತ್ತು ಬಂದಿದೆ. ಎರಡು ಮೂರು ವಾರ ದಾಟಿದ ಕರುವಿನಲ್ಲಿ ದುಂಡು ಹುಳ ಇರಬಹುದು, ಎಮ್ಮೆ ಕರುಗಳಲ್ಲಂತೂ ಇದು ಹೆಚ್ಚು. ಮೂರು ವಾರದ ಮೇಲೆ ರಕ್ತದ ಎಳೆ ಕಂಡರೆ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರೋಪಜೀವಿ ಆಗಿರಬಹುದು. ಸ್ವಚ್ಛವಾದ ಸಣ್ಣ ಡಬ್ಬಿಯಲ್ಲಿ ಹೊಸ ಸೆಗಣಿ ತೆಗೆದು ಪಶು ಆಸ್ಪತ್ರೆಗೆ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಹಾಲು ಅಲ್ಲಿಯವರೆಗೂ ಹಾಗೇ ನಡೆಯಲಿ.

"ಇನ್ನೊಂದು ಹಸು ಈ ವಾರ ಕರು ಹಾಕುತ್ತೆ. ಆ ಕರುವಿಗೂ ಬರದ ಹಾಗೆ ಏನು ಮಾಡಲಿ?"

ಭೇದಿಯಾದ ಕರುವನ್ನು ಬೇರೆ ಕಡೆ ಕಟ್ಟಿ. ಮೊದಲು ಚೆನ್ನಾಗಿರುವ ಕರುವಿಗೆ ಹಾಲು ಕುಡಿಸಿ, ಆಮೇಲೆ ಕಾಯಿಲೆಯದಕ್ಕೆ. ಬಾಟಲಿ, ನಿಪ್ಪಲ್ ಬೇರೆ ಬೇರೆ ಇರಲಿ. ಕಾಯಿಲೆ ಕರುವನ್ನು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಈ ರೋಗಾಣುಗಳಲ್ಲಿ ಕೆಲವು ಮನುಷ್ಯರಿಗೂ ಬರುತ್ತವೆ, ಮಕ್ಕಳನ್ನು ದೂರ ಇಡಿ.

ಕರು ಹಾಕುವ ಜಾಗಕ್ಕೆ ಮಳೆ ಎರಚಲು ಬಾರದಂತೆ ತಾಟು ಕಟ್ಟಿ, ಒಣಗಿದ ಭತ್ತದ ಹುಲ್ಲು ದಪ್ಪಗೆ ಹಾಸಿ. ಒದ್ದೆಯಾದದ್ದನ್ನು ದಿನವೂ ತೆಗೆಯಿರಿ. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಲು ಶುರು ಮಾಡಿ. 25 ಕೆಜಿ ಕರುವಿಗೆ ಮೊದಲ ಹನ್ನೆರಡು ಗಂಟೆಯಲ್ಲಿ ಎರಡೂವರೆ ಲೀಟರ್ ಹೋಗಬೇಕು. ಮಾಸು ಬೀಳಲಿ ಎಂದು ಕಾಯಬೇಡಿ. ಗಿಣ್ಣಿನಲ್ಲಿರುವ ರಕ್ಷಣೆಯ ಅಂಶ ಕರುಳಿನಿಂದ ರಕ್ತಕ್ಕೆ ಹೋಗುವ ದಾರಿ ಗಂಟೆ ಗಂಟೆಗೂ ಮುಚ್ಚುತ್ತಾ ಹೋಗುತ್ತದೆ, ಒಂದು ದಿನದಲ್ಲಿ ಪೂರ್ತಿ ಮುಚ್ಚುತ್ತದೆ.